ಮೂರು ಸೆಕೆಂಡಿನೊಳಗೆ ದೋಸೆ ಬರಬೇಕು: ರೀಲ್ಸ್ ಜಾಹೀರಾತಿನ ಆರಂಭ ಬರೆಯುವುದು ಹೇಗೆ

ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ಈ ಸಾಲನ್ನು ಮಾತಾಡುವ ವೇಗದಲ್ಲಿ ಗಟ್ಟಿಯಾಗಿ ಓದಿ:

“ನಮ್ಮ ಪಳಗಿಸಿದ ಬೀಡಿನ ಕಾವಲಿಯಲ್ಲಿ ಹುಯ್ದ ಮೊದಲ ದೋಸೆಯೂ ಹರಿಯದೆ ಏಳುತ್ತದೆ.”

ಇದರಲ್ಲಿ 31 ಅಕ್ಷರಗಳಿವೆ. ನಾನು ಆರಾಮಾಗಿ ಓದಿದರೆ ಸೆಕೆಂಡಿಗೆ ಸುಮಾರು ಆರು ಅಕ್ಷರ ಸಾಗುತ್ತದೆ. ಆ ಲೆಕ್ಕದಲ್ಲಿ ಸಾಲು ಮುಗಿಯಲು ಐದು ಸೆಕೆಂಡು ಬೇಕು. ಮೂರನೇ ಸೆಕೆಂಡು ಮುಗಿಯುವಾಗ ನಾನಿನ್ನೂ “ಹುಯ್ದ ಮೊ…” ಎನ್ನುತ್ತಿರುತ್ತೇನೆ. ಅಷ್ಟರಲ್ಲಿ ದೋಸೆ ಎನ್ನುವ ಮಾತೇ ಬಂದಿರುವುದಿಲ್ಲ. ಅದು ಹರಿಯಿತೋ ಎದ್ದಿತೋ ತಿಳಿಯುವುದಕ್ಕೆ ಇನ್ನೂ ಎರಡು ಸೆಕೆಂಡು ಕಾಯಬೇಕು. ಹೆಬ್ಬೆರಳು ಕಾಯುವುದಿಲ್ಲ.

ಬೀಡು ಕಬ್ಬಿಣದ ಕಾವಲಿ ಮಾರುವವರೊಬ್ಬರು ತಾವೇ ಬರೆದುಕೊಂಡು ಬಂದಿದ್ದ ಸಾಲು ಇದು. ಸಾಲಿನಲ್ಲಿ ತಪ್ಪೇನೂ ಇಲ್ಲ, ಕರಪತ್ರದಲ್ಲಿ ಅಚ್ಚು ಹಾಕಿಸಿದರೆ ಚೆನ್ನಾಗಿಯೇ ಇರುತ್ತದೆ. ಆದರೆ ಅವರಿಗೆ ಬೇಕಿದ್ದದ್ದು ರೀಲ್ಸ್‌ಗೆ ಹದಿನೈದು ಸೆಕೆಂಡಿನ, ಫೋನನ್ನು ನೆಟ್ಟಗೆ ಹಿಡಿದು ನೋಡುವ ವಿಡಿಯೊ. ಇದೇ ಸಾಲನ್ನು ಇಟ್ಟುಕೊಂಡು ಮೊದಲ ಮೂರು ಸೆಕೆಂಡನ್ನು ಹೇಗೆ ಕಟ್ಟುವುದು ಎಂದು ನೋಡೋಣ. ನಿಮ್ಮದು ಉಪ್ಪಿನಕಾಯಿಯೋ ಟ್ಯೂಷನ್ ಕ್ಲಾಸೋ ಆಗಿದ್ದರೆ ಕಾವಲಿಯ ಜಾಗದಲ್ಲಿ ಅದನ್ನಿಟ್ಟು ಓದಿಕೊಳ್ಳಿ.

ಮೊದಲು ಗಿರಾಕಿಯ ಮಾತು ಕೇಳಿಸಿಕೊಳ್ಳಿ

ಪೆನ್ನು ಹಿಡಿಯುವ ಮುಂಚೆ, ಕೊಂಡವರಲ್ಲಿ ಐದು ಜನಕ್ಕೆ ಫೋನ್ ಮಾಡಿ. “ಯಾಕೆ ಕೊಂಡಿರಿ?” ಎಂದು ಕೇಳಬೇಡಿ. ಕೇಳಿದರೆ “ಕ್ವಾಲಿಟಿ ಚೆನ್ನಾಗಿದೆ” ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಬರೆಯಲಾಗುವುದಿಲ್ಲ. “ಕೊನೇ ಸಲ ದೋಸೆ ಕೈಕೊಟ್ಟಿದ್ದು ಯಾವಾಗ? ಆಗ ಏನು ಮಾಡಿದ್ರಿ?” ಎಂದು ಕೇಳಿ. ಜನ ಆಗ ಒಂದು ಬೆಳಗ್ಗೆಯನ್ನು ನೆನೆಸಿಕೊಂಡು ಮಾತಾಡುತ್ತಾರೆ. ಅವರು ಹೇಳಿದ್ದನ್ನು ಗ್ರಾಂಥಿಕ ಮಾಡದೆ, ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ.

ನಮಗೆ ಸಿಕ್ಕಿದ್ದರಲ್ಲಿ ಮೂರು ಮಾತು ಉಳಿದವು. ಒಬ್ಬರು “ಮೊದಲ್ನೇ ದೋಸೆ ಲೆಕ್ಕಕ್ಕೇ ಇಲ್ಲ ಅಂತ ಬಿಟ್ಟುಬಿಟ್ಟಿದೀನಿ” ಅಂದರು. ಇನ್ನೊಬ್ಬರು “ಈರುಳ್ಳಿ ಉಜ್ಜಿ ಉಜ್ಜಿ ಸಾಕಾಯ್ತು” ಅಂದರು. ಮೂರನೆಯವರು “ನಿನ್ನೆ ಅದರಲ್ಲಿ ಚಪಾತಿ ಮಾಡಿದ್ವಿ, ಇವತ್ತು ದೋಸೆ ಏಳ್ತಾನೇ ಇಲ್ಲ” ಅಂದರು.

ಮೊದಲೆರಡು ಬರಿಯ ಗೋಳು. ಮೂರನೆಯದರಲ್ಲಿ ಕಾರಣವೂ ಇದೆ. ಚಪಾತಿ ಬೇಯಿಸುವಾಗ ಎಣ್ಣೆಯಿಲ್ಲದೆ ಜೋರು ಉರಿಯಲ್ಲಿ ಹಂಚು ಕಾಯುತ್ತದೆ, ಪಳಗಿಸಿ ಕೂರಿಸಿದ ಎಣ್ಣೆಯ ಪದರ ಹಾಳಾಗುತ್ತದೆ, ಉದುರಿದ ಹಿಟ್ಟು ಸುಟ್ಟು ಅಂಟಿಕೊಳ್ಳುತ್ತದೆ. ಮಾರನೇ ದಿನ ಹುಯ್ದ ಹಿಟ್ಟು ಅಲ್ಲೇ ಕಚ್ಚಿಕೊಳ್ಳುತ್ತದೆ. ಅಡುಗೆ ಮನೆಯಲ್ಲಿ ಪಳಗಿದವರಿಗೆ ಗೊತ್ತಿರುವ ಸಂಗತಿಯೇ ಇದು, ಆದರೆ ಹೊಸದಾಗಿ ಸಂಸಾರ ಹೂಡಿದವರಿಗೆ ಗೊತ್ತಿಲ್ಲ. ಇನ್ನೂ ಮುಖ್ಯವಾದದ್ದೆಂದರೆ, ಈ ಕಾರಣದ ಬಾಲ ಹಿಡಿದು ಹೋದರೆ ನೇರ ಸರಕಿನ ಹತ್ತಿರವೇ ತಲುಪುತ್ತೀರಿ: ದೋಸೆಗೇ ಅಂತ ಒಂದು ಬೇರೆ ಕಾವಲಿ ಇರಬೇಕು. ನಾನು ಯಾವ ಆರಂಭವನ್ನಾದರೂ ಇದೊಂದು ಪ್ರಶ್ನೆಯಿಂದ ಒರೆಗೆ ಹಚ್ಚುತ್ತೇನೆ. ಇಲ್ಲಿಂದ ಸರಕಿಗೆ ಹೋಗಲು ನಡುವೆ ಹೊಸ ಮಾತು ಸೇರಿಸಬೇಕೆ? ಸೇರಿಸಬೇಕಾದರೆ ಆ ಆರಂಭ ಬೇಡ.

ಕ್ರಿಯಾಪದವನ್ನು ಕೊನೆಗೆ ಬಿಡಬೇಡಿ

ಕನ್ನಡದ ಬರವಣಿಗೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು, ಎಲ್ಲಿ, ಯಾವುದರಲ್ಲಿ, ಎಂಥದು ಎಲ್ಲ ಮುಗಿದ ಮೇಲೆ ಏನಾಯಿತು ಎಂದು ತಿಳಿಯುತ್ತದೆ. ಲೇಖನಕ್ಕೆ ಅದರಿಂದ ತೊಂದರೆಯಿಲ್ಲ. ಮೂರು ಸೆಕೆಂಡಿನ ಕೆಲಸಕ್ಕೆ ಮಾತ್ರ ಇದು ದೊಡ್ಡ ಅಡ್ಡಿ, ಏಕೆಂದರೆ ಕೇಳುವವನನ್ನು ಹಿಡಿದು ನಿಲ್ಲಿಸುವ ಪದವೇ ಎಲ್ಲಕ್ಕಿಂತ ತಡವಾಗಿ ಬರುತ್ತದೆ.

ಆದರೆ ನಾವು ಬಾಯಲ್ಲಿ ಹಾಗೆ ಮಾತಾಡುತ್ತೇವೆಯೇ? “ಬಿದ್ದೋಯ್ತು ಕಣೋ ಫೋನು!” ಅನ್ನುತ್ತೇವೆ. “ಎಲ್ಲಿಟ್ಟೆ ಕೀ?” ಅನ್ನುತ್ತೇವೆ. ಅವಸರ ಬಂದಾಗ ಕ್ರಿಯಾಪದ ತಾನಾಗಿ ಮುಂದಕ್ಕೆ ಬರುತ್ತದೆ, ಉಳಿದದ್ದು ಹಿಂದೆ ಜೋತುಕೊಳ್ಳುತ್ತದೆ. ರೀಲ್ಸ್‌ನ ಮೊದಲ ಸಾಲಿಗೆ ಈ ಅವಸರದ ಕನ್ನಡವೇ ಬೇಕು.

ಕಾವಲಿಯ ಸಾಲು ನಾಲ್ಕು ಸಲ ಬದಲಾಯಿತು. ಮೊದಲು ಮಾರುವವರನ್ನು ತೆಗೆದೆ: “ಚಪಾತಿ ಮಾಡಿದ ಹಂಚಿನಲ್ಲಿ ದೋಸೆ ಏಳುವುದಿಲ್ಲ.” ನಿಜವಾದ ಮಾತೇ, ಆದರೆ ಪಾಠದ ದನಿ. ಆಮೇಲೆ ಪ್ರಶ್ನೆ ಮಾಡಿದೆ: “ನಿನ್ನೆ ನೀವು ಈ ಹಂಚಿನಲ್ಲಿ ಚಪಾತಿ ಮಾಡಿದ್ರಾ?” ಪರವಾಗಿಲ್ಲ, ಆದರೆ “ಚಪಾತಿ” ತಲುಪುವ ಮುಂಚೆ ಒಂಬತ್ತು ಅಕ್ಷರ ಸುಮ್ಮನೆ ಖರ್ಚಾದವು. ಮೂರನೇ ಸಲ ಚಪಾತಿಯನ್ನು ಮುಂದಕ್ಕೆ ಎಳೆದೆ: “ಚಪಾತಿ ಮಾಡಿದ್ರಾ ನಿನ್ನೆ ಇದ್ರಲ್ಲಿ?” ಇಲ್ಲಿಗೆ ಸಾಲು ನಿಂತಿತು, ಆದರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಎನ್ನುವುದಿರಲಿಲ್ಲ. ಅತ್ತೆ ಸೊಸೆಗೆ ಹೇಳುವುದು ತಕ್ಷಣ ಹೊಳೆಯಿತು. ಅದನ್ನು ಜನ ಸಾವಿರ ಸಲ ನೋಡಿದ್ದಾರೆ, ಬಿಟ್ಟೆ. ಬಾಡಿಗೆ ಮನೆಯಲ್ಲಿ ಒಬ್ಬನೇ ಇರುವ ತಮ್ಮನನ್ನು ನೋಡಲು ಬಂದ ಅಕ್ಕ ಹೇಳಿದರೆ?

“ಚಪಾತಿ ಮಾಡಿದ್ಯೇನೋ ಇದ್ರಲ್ಲಿ?”

ಹತ್ತು ಅಕ್ಷರ, ಎರಡು ಸೆಕೆಂಡಿನೊಳಗೆ ಮುಗಿಯುತ್ತದೆ. “ನೋ” ಎನ್ನುವ ಒಂದು ಅಕ್ಷರ ಸಂಬಂಧವನ್ನೂ ಸಲುಗೆಯನ್ನೂ ಹೇಳಿಬಿಡುತ್ತದೆ. “ಇದ್ರಲ್ಲಿ” ಎಂದು ಬಿಟ್ಟದ್ದರಿಂದ ಇನ್ನೊಂದು ಜಗಳವೂ ತಪ್ಪಿತು. ಒಂದು ಕಡೆ ಹಂಚು ಅನ್ನುತ್ತಾರೆ, ಇನ್ನೊಂದು ಕಡೆ ಕಾವಲಿ, ಪೇಟೆಯ ಹುಡುಗರು ತವಾ ಅನ್ನುತ್ತಾರೆ. ಮೊದಲ ಮಾತಿನಲ್ಲೇ ಒಂದನ್ನು ಆರಿಸಿದರೆ ಉಳಿದವರಿಗೆ ಅದು ಬೇರೆ ಊರಿನ ಜಾಹೀರಾತಾಗುತ್ತದೆ. ವಸ್ತು ಕಣ್ಣೆದುರೇ ಇರುವಾಗ ಅದರ ಹೆಸರು ಹೇಳಬೇಕಾದ್ದೇ ಇಲ್ಲ. ಒಂದೇ ಜಿಲ್ಲೆಯವರಿಗೆ ಮಾರುವುದಾದರೆ ಮಾತ್ರ ಉಲ್ಟಾ ಮಾಡಿ, ಅಲ್ಲಿಯ ಪದವನ್ನೇ ಹಾಕಿ.

ನನ್ನ ಅಳತೆ ಇಷ್ಟೆ: ಮೂರು ಸೆಕೆಂಡಿನಲ್ಲಿ ಹದಿನೆಂಟು ಅಕ್ಷರ ಹಿಡಿಸುತ್ತದೆ, ಆದರೆ ಹನ್ನೆರಡಕ್ಕಿಂತ ಹೆಚ್ಚು ಬರೆಯುವುದಿಲ್ಲ. ಉಳಿದ ಜಾಗ ಸದ್ದಿಗೂ ಮೌನಕ್ಕೂ ಬೇಕು.

ಮೂರು ಸಾಲಿನ ಹಾಳೆ

ಮಾತನ್ನು ಒಂದು ಕಡೆ, ದೃಶ್ಯವನ್ನು ಇನ್ನೊಂದು ಕಡೆ ಬರೆದರೆ ಎರಡೂ ಒಂದೇ ಸಂಗತಿಯನ್ನು ಹೇಳುತ್ತಾ ಕೂರುತ್ತವೆ. ಅದಕ್ಕೆ ಒಂದೇ ಹಾಳೆಯಲ್ಲಿ ಸೆಕೆಂಡಿಗೊಂದು ಸಾಲು ಮಾಡಿ, ಪ್ರತಿ ಸಾಲಿನಲ್ಲೂ ಕಣ್ಣಿಗೆ ಏನು, ಕಿವಿಗೆ ಏನು, ಪರದೆಯ ಮೇಲೆ ಯಾವ ಅಕ್ಷರ ಎಂದು ಬರೆಯಿರಿ. ನಮ್ಮ ಹಾಳೆ ಹೀಗಿತ್ತು:

ಮೊದಲ ಸೆಕೆಂಡು. ಕಣ್ಣಿಗೆ: ಹಂಚಿನ ಮೇಲಿಂದ ತೀರಾ ಹತ್ತಿರದ ದೃಶ್ಯ, ದೋಸೆಯ ಅಂಚಿಗೆ ಮಗುಚುವ ಕೈ ಆಗಲೇ ಹೊಕ್ಕಿದೆ, ದೋಸೆ ಹರಿಯುತ್ತಿದೆ. ಕಿವಿಗೆ: ಕಬ್ಬಿಣದ ಮೇಲೆ ಕಬ್ಬಿಣ ಕೆರೆಯುವ ಸದ್ದು, ಮಾತಿಲ್ಲ. ಅಕ್ಷರ: “ನಿನ್ನೆ ಚಪಾತಿ. ಇವತ್ತು ದೋಸೆ.”

ಎರಡನೇ ಸೆಕೆಂಡು. ಕಣ್ಣಿಗೆ: ಅದೇ ದೃಶ್ಯ, ಕೈ ಇನ್ನೂ ಒದ್ದಾಡುತ್ತಿದೆ. ಕಿವಿಗೆ: ಚೌಕಟ್ಟಿನ ಹೊರಗಿನಿಂದ ಅಕ್ಕನ ದನಿ, “ಚಪಾತಿ ಮಾಡಿದ್ಯೇನೋ ಇದ್ರಲ್ಲಿ?” ಅಕ್ಷರ ಹಾಗೇ ಇದೆ.

ಮೂರನೇ ಸೆಕೆಂಡು. ಕಣ್ಣಿಗೆ: ಕೈ ಗಕ್ಕನೆ ನಿಲ್ಲುತ್ತದೆ. ಕಿವಿಗೆ: ಕೆರೆತವೂ ನಿಂತಿದೆ, ಹಿಟ್ಟು ಚುರ್ ಎನ್ನುವುದು ಮಾತ್ರ ಕೇಳುತ್ತದೆ, ಆಮೇಲೆ ತಮ್ಮನ ಸಣ್ಣ “ಹೂಂ.”

ನನಗೆ ಇದರಲ್ಲಿ ಇಷ್ಟವಾದದ್ದು ಮೂರನೇ ಸೆಕೆಂಡಿನ ನಿಲುಗಡೆ. ಗದ್ದಲದ ವಿಡಿಯೊಗಳ ನಡುವೆ ಸದ್ದು ಥಟ್ಟನೆ ನಿಂತರೆ ಗಮನ ಬೀಳುತ್ತದೆ. ಆದರೆ ಮೊದಲು ಸದ್ದು ಇದ್ದರೆ ತಾನೇ ನಿಲ್ಲಲು ಬರುವುದು? ಆದ್ದರಿಂದ ಆ ಕೆರೆತದ ಮೇಲೆ ಹಿನ್ನೆಲೆ ಸಂಗೀತ ಹಾಕಬೇಡಿ. ಸಂಗೀತ ಬೇಕೇ ಬೇಕು ಎನ್ನುವ ಮಾಲೀಕರಿದ್ದಾರೆ, ಅವರಿಗೆ ನಾಲ್ಕನೇ ಸೆಕೆಂಡಿನಿಂದ ಕೊಡಿ.

ಮಾತನ್ನು ಮೊದಲ ಫ್ರೇಮಿಗೇ ಅಂಟಿಸದಿರಲು ಇನ್ನೊಂದು ಕಾರಣವಿದೆ. ಬೆರಳು ಜಾರಿಸಿ ವಿಡಿಯೊ ಬಂದು ಕೂರುವಷ್ಟರಲ್ಲಿ ಮೊದಲ ಅಕ್ಷರ ಎಷ್ಟೋ ಸಲ ತಪ್ಪಿಹೋಗುತ್ತದೆ. “ಚಪಾತಿ” ಎಂಬುದು “ಪಾತಿ” ಆದರೆ ಸಾಲು ಸತ್ತಂತೆ. ಸದ್ದು ಮೊದಲು ಬರಲಿ, ಮಾತು ಅದರ ಹಿಂದೆ ಬರಲಿ.

ಮೊದಲ ಫ್ರೇಮು

ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ನಮ್ಮ ಮೂರು ಸೆಕೆಂಡೆಂದರೆ 90 ಫ್ರೇಮು. ಅವುಗಳಲ್ಲಿ ಮೊದಲನೆಯದಕ್ಕೆ ಬೇರೆಯೇ ಪರೀಕ್ಷೆ ಇಡಬೇಕು. ವಿಡಿಯೊವನ್ನು ಅಲ್ಲೇ ನಿಲ್ಲಿಸಿ, ಮನೆಯಲ್ಲಿ ಯಾರಿಗಾದರೂ ಒಂದು ಕ್ಷಣ ತೋರಿಸಿ ಫೋನ್ ತಿರುಗಿಸಿಬಿಡಿ. “ಏನು ನೋಡಿದೆ?” ಎಂದರೆ “ದೋಸೆ ಹರೀತಾ ಇತ್ತು” ಎನ್ನಬೇಕು. “ಯಾವುದೋ ಅಡುಗೆಮನೆ” ಎಂದರೆ ಕ್ಯಾಮೆರಾ ದೂರ ಇದೆ. ಹಂಚಿನ ಎರಡು ಅಂಚು ಚೌಕಟ್ಟಿನಿಂದ ಹೊರಗೆ ಹೋಗುವಷ್ಟು ಹತ್ತಿರ ಬನ್ನಿ.

ಕಪ್ಪಿನಿಂದ ನಿಧಾನವಾಗಿ ಬೆಳಕಾಗುವ ಆರಂಭ, ತಿರುಗುವ ಲೋಗೊ, “ನಮಸ್ಕಾರ ಸ್ನೇಹಿತರೇ”, ಸ್ಟವ್ ಹಚ್ಚುವುದು, ಹಿಟ್ಟು ಕಲಸುವುದು ಯಾವುದೂ ಬೇಡ. ಘಟನೆ ಆಗಲೇ ಅರ್ಧ ನಡೆದಿರಬೇಕು. ಎಡಿಟ್ ಮುಗಿದು ಹೊರತೆಗೆದ ಫೈಲನ್ನೂ ಒಮ್ಮೆ ಫ್ರೇಮ್ ಫ್ರೇಮಾಗಿ ನೋಡಿ. ಟೈಮ್‌ಲೈನಿನಲ್ಲಿ ಕೂದಲೆಳೆ ಅಂತರ ಉಳಿದಿದ್ದರೂ ಮೊದಲಿಗೆ ಒಂದೆರಡು ಕಪ್ಪು ಫ್ರೇಮು ಸೇರಿಕೊಂಡುಬಿಡುತ್ತವೆ.

ಅಕ್ಷರ ಎಲ್ಲಿ, ಎಷ್ಟು

ಬಸ್ಸಿನಲ್ಲಿ, ಕಚೇರಿಯಲ್ಲಿ ಸದ್ದು ಮುಚ್ಚಿ ನೋಡುವವರಿದ್ದಾರೆ. ಅವರಿಗೆ ಅಕ್ಕನ ಮಾತು ಕೇಳಿಸುವುದಿಲ್ಲ. ಹಾಗಂತ ಅಕ್ಕನ ಮಾತನ್ನೇ ಪರದೆಯ ಮೇಲೆ ದೊಡ್ಡದಾಗಿ ಬರೆದರೆ ಕೇಳುವವರಿಗೆ ಅದೇ ಮಾತು ಎರಡು ಸಲ ಆಗುತ್ತದೆ, ಅದೂ ಆಕೆ ಬಾಯಿ ಬಿಡುವ ಮುಂಚೆಯೇ ಓದಿ ಮುಗಿದಿರುತ್ತದೆ. “ನಿನ್ನೆ ಚಪಾತಿ. ಇವತ್ತು ದೋಸೆ.” ಎನ್ನುವ ನಾಲ್ಕು ಪದ ಕಿವುಡು ಫೋನಿಗೂ ಕಥೆ ಹೇಳುತ್ತವೆ, ಕೇಳುವವರಿಗೆ ಅಕ್ಕನ ಪ್ರಶ್ನೆಗೆ ನೆಲ ಹಾಸುತ್ತವೆ. ಆಡುವ ಮಾತಿನ ಸಬ್‌ಟೈಟಲ್ಲನ್ನು ಸಣ್ಣದಾಗಿ ಬೇರೆ ಹಾಕಬಹುದು.

ಜಾಗದ ಲೆಕ್ಕ ಹೀಗೆ. ನೆಟ್ಟಗೆ ನೋಡುವ ವಿಡಿಯೊದ ಅಳತೆ 1080 × 1920 ಪಿಕ್ಸೆಲ್. ರೀಲ್ಸ್ ಜಾಹೀರಾತಿನಲ್ಲಿ ಮೇಲಿನ ಸುಮಾರು 14%, ಕೆಳಗಿನ ಸುಮಾರು 35%, ಎರಡೂ ಪಕ್ಕದಲ್ಲಿ 6% ಖಾಲಿ ಬಿಡಿ ಎನ್ನುತ್ತದೆ ರೀಲ್ಸ್ ನಡೆಸುವ ಮೆಟಾ. ಖಾತೆಯ ಹೆಸರು, ಲೈಕ್ ಗುಂಡಿ, ಖರೀದಿಯ ಬಟನ್ ಎಲ್ಲ ಅಲ್ಲಿ ಬಂದು ಕೂರುತ್ತವೆ. ಅಂದರೆ ಮೇಲಿನಿಂದ ಸುಮಾರು 270 ಪಿಕ್ಸೆಲ್, ಕೆಳಗಿನಿಂದ 670 ಪಿಕ್ಸೆಲ್ ನಿಮ್ಮದಲ್ಲ. ಟಿವಿಯ ಅಭ್ಯಾಸದಿಂದ ಅಕ್ಷರವನ್ನು ಕೆಳಗೆ ಹಾಕುವವರು ಇಲ್ಲಿಯೇ ಎಡವುತ್ತಾರೆ. ಬೆರಳು ಮೇಲಕ್ಕೆ ಜಾರಿಸುವಾಗ ಹೊಸ ವಿಡಿಯೊದ ತಲೆಯ ಭಾಗವೇ ಪರದೆಗೆ ಮೊದಲು ಹತ್ತುತ್ತದೆ ಎನ್ನುವುದನ್ನೂ ಗಮನಿಸಿ. ನಿಮಗೆ ಉಳಿದ ಜಾಗದ ಮೇಲ್ಭಾಗದಲ್ಲೇ ಎರಡು ಸಾಲು ಇಡಿ.

ಕನ್ನಡ ಅಕ್ಷರಕ್ಕೆ ತನ್ನದೇ ತಾಪತ್ರಯಗಳಿವೆ. “ನಿನ್ನೆ”, “ಇವತ್ತು” ಎರಡರಲ್ಲೂ ಒತ್ತಕ್ಷರ ಇದೆ, ಅದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗದಂತೆ ಸಾಲಿನ ಅಂತರ ಹೆಚ್ಚಿಸಿ. ತೀರಾ ದಪ್ಪ ಫಾಂಟಿಗೆ ಕಪ್ಪು ಅಂಚು ಕಟ್ಟಿದರೆ ದ ಮತ್ತು ಧ, ಬ ಮತ್ತು ಭ ಒಂದೇ ಥರ ಕಾಣುತ್ತವೆ. ಅನೇಕ್ ಕನ್ನಡ, ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡ ಈ ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಯೂನಿಕೋಡ್ ಫಾಂಟುಗಳು, ನಡುವಣ ದಪ್ಪದಲ್ಲಿ ಚೆನ್ನಾಗಿ ಓದಲು ಬರುತ್ತವೆ. ಕೆಲವು ಎಡಿಟಿಂಗ್ ಆ್ಯಪ್‌ಗಳು ಒತ್ತನ್ನು ಬಿಡಿಸಿ ಪಕ್ಕಕ್ಕೆ ಇಟ್ಟುಬಿಡುತ್ತವೆ. ಹಾಗಾದರೆ ಅಕ್ಷರವನ್ನು ಬೇರೆ ಕಡೆ ಚಿತ್ರವಾಗಿ ಮಾಡಿಕೊಂಡು ಮೇಲೆ ಕೂರಿಸಿ. ಕೊನೆಗೆ ಫೋನನ್ನು ಬಿಸಿಲಿಗೆ ಹಿಡಿದು, ಕೈ ಚಾಚಿ ಓದಿ.

ಕೊಟ್ಟ ಮಾತು, ಮತ್ತು ಮಿತಿಗಳು

ಮೊದಲ ಮೂರು ಸೆಕೆಂಡು ಎಂದರೆ ಸಾಲ ತೆಗೆದ ಹಾಗೆ. ಚಪಾತಿಗೂ ದೋಸೆಗೂ ಏನು ಸಂಬಂಧ ಎಂದು ಕೇಳಿಬಿಟ್ಟಿರಿ, ನಾಲ್ಕನೇ ಸೆಕೆಂಡಿನಿಂದ ಅದನ್ನು ತೀರಿಸಬೇಕು. ನಮ್ಮದರಲ್ಲಿ ಅಕ್ಕ ಹಂಚನ್ನು ಬೆಳಕಿಗೆ ಹಿಡಿದು ಬೂದುಬಣ್ಣಕ್ಕೆ ತಿರುಗಿದ ನಡುಭಾಗ ತೋರಿಸುತ್ತಾಳೆ, “ಎಣ್ಣೆ ಎಲ್ಲ ಸುಟ್ಟೋಯ್ತು ನೋಡು. ದೋಸೆಗೇ ಅಂತ ಒಂದು ಬೇರೆ ಇಡೋ” ಅನ್ನುತ್ತಾಳೆ. ಕಾವಲಿ ಆಗ ಬರುತ್ತದೆ. ಮಾಲೀಕರಿಗೆ ತಮ್ಮ ಸರಕು ಏಳನೇ ಸೆಕೆಂಡಿನವರೆಗೂ ಕಾಣಿಸುವುದಿಲ್ಲ ಎಂದು ಸಂಕಟವಾಯಿತು. ಆ ಸಂಕಟ ಸಹಜ, ಆದರೆ ಬಗ್ಗಬೇಡಿ.

ಎರಡು ಕಟ್ಟಳೆಗಳು ಆರಂಭದ ಬರವಣಿಗೆಯನ್ನೇ ಮುಟ್ಟುತ್ತವೆ. ಮೆಟಾದ ಜಾಹೀರಾತು ನಿಯಮದ ಪ್ರಕಾರ ನೋಡುವವರ ಆರೋಗ್ಯ, ಧರ್ಮ, ಹಣಕಾಸಿನ ಸ್ಥಿತಿ ಮುಂತಾದವು ನಿಮಗೆ ಗೊತ್ತಿರುವಂತೆ ಬರೆಯಬಾರದು. ರಾಗಿ ಮಾಲ್ಟ್ ಮಾರುವವರು “ನಿಮಗೆ ಶುಗರ್ ಇದೆಯಾ?” ಎಂದು ಶುರು ಮಾಡಿದರೆ ಜಾಹೀರಾತು ತಿರಸ್ಕಾರವಾಗುವ ಸಾಧ್ಯತೆ ಹೆಚ್ಚು. ಚಪಾತಿಯ ಪ್ರಶ್ನೆಗೆ ಆ ತೊಂದರೆಯಿಲ್ಲ. ಇನ್ನೊಂದು, ಅಡುಗೆ ವಿಡಿಯೊ ಮಾಡುವವರಿಗೆ ದುಡ್ಡನ್ನೋ ಕಾವಲಿಯನ್ನೋ ಕೊಟ್ಟು ಮಾಡಿಸಿದರೆ, ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿಯಂತೆ ಇದು ಜಾಹೀರಾತು ಎನ್ನುವ ಚೀಟಿ ವಿಡಿಯೊದ ಮೇಲೆ ಇರಬೇಕು. 15 ಸೆಕೆಂಡು ಅಥವಾ ಅದಕ್ಕಿಂತ ಚಿಕ್ಕ ವಿಡಿಯೊದಲ್ಲಿ ಅದು ಕನಿಷ್ಠ 3 ಸೆಕೆಂಡು ನಿಲ್ಲಬೇಕು. ಅದಕ್ಕೆ ಜಾಗವನ್ನು ಹಾಳೆಯಲ್ಲೇ ಗುರುತು ಮಾಡಿಕೊಳ್ಳಿ, ಕೊನೆಗೆ ತುರುಕಲು ಹೋದರೆ ಅಕ್ಷರದ ಮೇಲೆ ಬಂದು ಕೂರುತ್ತದೆ.

ಅಳೆಯುವುದು

ಒಂದೇ ಆರಂಭ ಬರೆದು ನೆಚ್ಚಿಕೊಳ್ಳಬೇಡಿ. ನಾಲ್ಕನೇ ಸೆಕೆಂಡಿನಿಂದ ಮುಂದಿನದ್ದನ್ನು ಹಾಗೇ ಇಟ್ಟು, ಮುಂದೆ ಮೂರು ಬೇರೆ ತಲೆ ಹಚ್ಚಿ. ನಮ್ಮಲ್ಲಿ ಒಂದು ಚಪಾತಿ, ಇನ್ನೊಂದು ಈರುಳ್ಳಿ ಉಜ್ಜುವುದು, ಮತ್ತೊಂದು ಮಾಲೀಕರ ಆಸೆಯಂತೆ ಗರಿಗರಿ ದೋಸೆ ಚೆಂದವಾಗಿ ಏಳುವುದು. ಮೂರನ್ನೂ ಒಂದೇ ಗುಂಪಿನಲ್ಲಿ ಸುಮ್ಮನೆ ಬಿಟ್ಟರೆ ಮೆಟಾ ಬೇಗನೆ ಒಂದಕ್ಕೇ ಹೆಚ್ಚು ದುಡ್ಡು ಸುರಿಯುತ್ತದೆ, ಹೋಲಿಸಲು ಬರುವುದಿಲ್ಲ. `A/B test` ಆರಿಸಿದರೆ ಹಂಚಿಕೆ ಸಮವಾಗಿ ಆಗುತ್ತದೆ. ಆಮೇಲೆ ಜಾಹೀರಾತು ಪುಟದಲ್ಲಿ ಎರಡು ಲೆಕ್ಕ ನೋಡಿ:

```
ನಿಂತವರು = 3-second video plays ÷ Impressions
ಉಳಿದವರು = ThruPlays ÷ 3-second video plays
```

`Impressions` ಎಂದರೆ ಜಾಹೀರಾತು ಎಷ್ಟು ಸಲ ಪರದೆಗೆ ಬಂತು ಎನ್ನುವ ಎಣಿಕೆ, `ThruPlays` ಎಂದರೆ ಪೂರ್ತಿ ಅಥವಾ ಕನಿಷ್ಠ 15 ಸೆಕೆಂಡು ನೋಡಿದ್ದು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂರೂ 4000 ಸಲ ಪರದೆಗೆ ಬಂದಿವೆ. ಚಪಾತಿಗೆ 1200 ಸಲ ನಿಂತಿದ್ದಾರೆ, ಅಂದರೆ 30%. ಈರುಳ್ಳಿಗೆ 1160, ಅಂದರೆ 29%. ಎದ್ದ ದೋಸೆಗೆ 800, ಅಂದರೆ 20%. ಮೂವತ್ತಕ್ಕೂ ಇಪ್ಪತ್ತೊಂಬತ್ತಕ್ಕೂ ಇರುವ ವ್ಯತ್ಯಾಸವನ್ನು ನಂಬಬೇಡಿ, ಇಷ್ಟು ಎಣಿಕೆಯಲ್ಲಿ ಒಂದೆರಡು ಅಂಶ ತಾನಾಗಿ ಆಚೀಚೆ ಆಗುತ್ತದೆ. ಇಪ್ಪತ್ತು ಮಾತ್ರ ನಿಜಕ್ಕೂ ಹಿಂದಿದೆ.

ಈಗ ಎರಡನೇ ಲೆಕ್ಕ ಹಾಕಿ. ಚಪಾತಿಯ 1200ರಲ್ಲಿ 300 ಸಲ ಕೊನೆಯವರೆಗೆ ನೋಡಿದ್ದಾರೆ, 25%. ಈರುಳ್ಳಿಯ 1160ರಲ್ಲಿ 116 ಮಾತ್ರ, 10%. ಇಂಥ ಅಂಕಿ ಬಂದರೆ ರೋಗ ಎಲ್ಲಿದೆ ಎಂದು ತಿಳಿಯುತ್ತದೆ. ಈರುಳ್ಳಿ ನೋಡಿ ನಿಂತವರು ಮನೆಮದ್ದು ಸಿಗುತ್ತದೆ ಎಂದು ನಿಂತರು, ಕಾವಲಿ ಬಂತು, ಹೊರಟರು. ಆರಂಭ ನಿಲ್ಲಿಸಿದೆ, ಆದರೆ ಬೇರೆ ಜನರನ್ನು ನಿಲ್ಲಿಸಿದೆ. ತದ್ವಿರುದ್ಧವಾಗಿ, ನಿಂತವರು ಕಡಿಮೆ, ಆದರೆ ನಿಂತವರೆಲ್ಲ ಉಳಿಯುತ್ತಿದ್ದಾರೆ ಎಂದಾದರೆ ಮಾತು ಸರಿಯಿದೆ, ಮೊದಲ ಫ್ರೇಮು ಮಂಕಾಗಿದೆ ಎಂದರ್ಥ. ಆಗ ಬರೆದದ್ದನ್ನು ಅಳಿಸಬೇಡಿ, ಕ್ಯಾಮೆರಾ ಹತ್ತಿರ ಒಯ್ಯಿರಿ.

ಶೂಟಿಂಗಿನ ದಿನ

ಹರಿಯುವ ದೋಸೆಯನ್ನು ಎಲ್ಲಕ್ಕಿಂತ ಮೊದಲು ತೆಗೆಯಿರಿ. ನಿಜವಾಗಿ ಹಿಂದಿನ ರಾತ್ರಿ ಚಪಾತಿ ಮಾಡಿದ ಹಂಚನ್ನೇ ತರಿಸಿ. ಹೊಸ ಹಂಚಿಗೆ ಅಂಟು ಬಳಿದು ಮಾಡಿದರೆ ಅಡುಗೆ ಬಲ್ಲವರಿಗೆ ಹರಿಯುವ ರೀತಿಯಲ್ಲೇ ಗೊತ್ತಾಗುತ್ತದೆ, ಅದೂ ಅಲ್ಲದೆ ಜಾಹೀರಾತಿನಲ್ಲಿ ಅದು ಸುಳ್ಳೇ. ಎರಡೂ ಕಡೆ ಒಂದೇ ಹಿಟ್ಟು, ಅಷ್ಟೇ ಎಣ್ಣೆ ಇರಲಿ. ಆ ಹಂಚಿನಲ್ಲಿ ನಿಮಗೆ ಸಿಗುವುದು ಮೂರೋ ನಾಲ್ಕೋ ಅವಕಾಶ. ಪ್ರತಿ ಸಲ ಕೆರೆದು ಎಣ್ಣೆ ಹಾಕುತ್ತಾ ಹೋದರೆ ಅದು ಮತ್ತೆ ಪಳಗತೊಡಗುತ್ತದೆ. ನಮ್ಮ ಐದನೇ ದೋಸೆ ಎಷ್ಟು ಬೇಡಿಕೊಂಡರೂ ಹರಿಯಲಿಲ್ಲ, ಬಂಗಾರದಂತೆ ಎದ್ದು ಬಂತು. ಕ್ಯಾಮೆರಾದವನೇ ತಿಂದ.